ಗ್ರಾಹಕರ ಮಾತಿನಿಂದ ಶುರುವಾಗುವ ಟ್ರೇನಿಂಗ್ ಡೆಕ್

ಪ್ರಶ್ನೆ: ಪುಣೆಯ ಖರಾಡಿಯಲ್ಲಿ ಆರ್‌ಓ ವಾಟರ್ ಪ್ಯೂರಿಫೈಯರ್ ಕಂಪನಿಯೊಂದರ ಕಸ್ಟಮರ್ ಕೇರ್‌ನಲ್ಲಿ ಟೀಮ್ ಲೀಡರ್ ಇದ್ದೀನಿ. ನಮ್ಮದು 14 ಜನರ ಟೀಮ್. ಅದರಲ್ಲಿ 6 ಜನ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರು, ಕನ್ನಡ ಕಾಲ್ ತಗೋತಾರೆ. ಉಳಿದವರದು ಮರಾಠಿ, ಹಿಂದಿ. ತಿಂಗಳಿಗೆ ಸುಮಾರು 3000 ಕಾಲ್. ಪ್ರಾಡಕ್ಟ್ ಟೀಮ್ ಕೊಟ್ಟ 80 ಸ್ಲೈಡ್‌ನ ಡೆಕ್ ಎರಡು ದಿನ ತೋರಿಸಿದ್ರೂ ಮುಂದಿನ ವಾರ ಮತ್ತೆ ಅವೇ ತಪ್ಪು. ಈಗ ಗ್ರಾಹಕರು ಹೆಚ್ಚು ಹೇಳೋ ತೊಂದರೆಗಳ ಮೇಲೇ ಹೊಸ ಡೆಕ್ ಮಾಡು ಅಂದಿದ್ದಾರೆ. ಎಲ್ಲಿಂದ ಶುರು ಮಾಡ್ಲಿ? ಒಳಗೆ ಏನಿರಬೇಕು?

ಉತ್ತರ: ಮೊದಲು ಆ 80 ಸ್ಲೈಡ್‌ಗಳು ಯಾವ ಕ್ರಮದಲ್ಲಿವೆ ಅಂತ ಒಂದು ಸಲ ನೋಡಿ. ಕೆಸರು ತಡೆಯುವ ಸೆಡಿಮೆಂಟ್ ಫಿಲ್ಟರ್, ಕಾರ್ಬನ್, ಪಂಪ್, ಲವಣ ಬೇರ್ಪಡಿಸುವ ಮೆಂಬ್ರೇನ್, ಯುವಿ, ಟ್ಯಾಂಕ್. ನೀರು ಮಷೀನಿನೊಳಗೆ ಹೋಗುವ ಕ್ರಮವೇ ಸ್ಲೈಡ್‌ಗಳ ಕ್ರಮವೂ ಆಗಿರುತ್ತದೆ. ಮಷೀನ್ ಮಾಡಿದವರಿಗೆ ಅದು ಸಹಜ. ಆದರೆ ಫೋನ್ ಮಾಡುವವರು ಯಾರೂ "ನಮ್ಮ ಮೆಂಬ್ರೇನ್ ಕಟ್ಟಿಕೊಂಡಿದೆ" ಅನ್ನುವುದಿಲ್ಲ, "ನೀರ ಭಾಳ ಸಣ್ಣಗ ಬರಾಕತ್ತೈತ್ರಿ" ಅನ್ನುತ್ತಾರೆ. ಆ ಒಂದು ಮಾತಿನ ಹಿಂದೆ ಆರು ಕಾರಣಗಳಿರಬಹುದು, ಆ ಆರೂ 80 ಸ್ಲೈಡ್‌ಗಳಲ್ಲಿ ಆರು ಕಡೆ ಹರಡಿಕೊಂಡಿವೆ. ಕಾಲ್ ನಡೆಯುತ್ತಿರುವಾಗ ಅವನ್ನೆಲ್ಲ ತಲೆಯಲ್ಲೇ ಒಟ್ಟುಗೂಡಿಸುವ ಕೆಲಸ ನಿಮ್ಮ ಹುಡುಗರ ಮೇಲೆ ಬಿದ್ದಿದೆ. ಅದು ಆಗದಿದ್ದಾಗ ಅವರು ಮಾಡುವುದು ಒಂದೇ: ಟೆಕ್ನಿಷಿಯನ್ ವಿಸಿಟ್ ಬುಕ್ ಮಾಡುವುದು. ಹೊಸ ಡೆಕ್‌ನಲ್ಲಿ ಈ ಕ್ರಮವನ್ನು ತಿರುಗಿಸಬೇಕು. ಗ್ರಾಹಕರು ಆಡುವ ಮಾತು ಶೀರ್ಷಿಕೆಯಾಗಬೇಕು, ಮಷೀನಿನ ಭಾಗಗಳು ಅದರ ಕೆಳಗೆ ಬರಬೇಕು.

ಹಾಗಾದರೆ ಗ್ರಾಹಕರು ನಿಜವಾಗಿ ಏನು ಹೇಳುತ್ತಾರೆ? ಸಿಆರ್‌ಎಂನಲ್ಲಿ ಕಾಲ್ ಮುಗಿದ ಮೇಲೆ ಆರಿಸುವ ಕಾರಣಗಳ ಪಟ್ಟಿಯನ್ನು ನಂಬಿ ಲೆಕ್ಕ ಹಾಕಬೇಡಿ. ಮುಂದಿನ ಕಾಲ್ ಕಾಯುತ್ತಿರುವಾಗ ಕೈ ಸಹಜವಾಗಿ ಪಟ್ಟಿಯ ಮೊದಲನೆಯದಕ್ಕೋ "ಇತರೆ"ಗೋ ಹೋಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಮಾತಿನದು. ನಮ್ಮ ಕಡೆ ಬಹಳ ಮನೆಗಳಲ್ಲಿ ಇಡೀ ಮಷೀನಿಗೇ "ಫಿಲ್ಟರ್" ಅನ್ನುತ್ತಾರೆ. "ಫಿಲ್ಟರ್ ಕೆಟ್ಟೈತಿ" ಅಂದರೆ ಮಷೀನ್ ನಡೆಯುತ್ತಿಲ್ಲ ಅಂತ ಅರ್ಥ. ಟಿಕೆಟ್‌ನಲ್ಲಿ ಅದು "ಫಿಲ್ಟರ್ ಬದಲಾವಣೆ" ಎಂದು ದಾಖಲಾಗುತ್ತದೆ, ಟೆಕ್ನಿಷಿಯನ್ ಕಾರ್ಟ್ರಿಜ್ ಹಿಡಿದುಕೊಂಡು ಹೋಗುತ್ತಾನೆ, ಅಲ್ಲಿ ಕೆಟ್ಟಿರುವುದು ಅಡಾಪ್ಟರ್. "ಟಾಕಿ ತುಂಬವಲ್ಲದು" ಎಂಬುದೂ ಹಾಗೆಯೇ. ಮರಾಠಿಯಲ್ಲೂ ಉತ್ತರ ಕರ್ನಾಟಕದ ಕನ್ನಡದಲ್ಲೂ ಟಾಕಿ ಎಂದರೆ ಮಷೀನಿನ ಟ್ಯಾಂಕೂ ಆಗಬಹುದು, ಮನೆ ಮೇಲಿನ ಟ್ಯಾಂಕೂ ಆಗಬಹುದು. ಮೇಲಿನ ಟಾಕಿ ಖಾಲಿಯಾಗಿದ್ದರೆ ನಿಮ್ಮ ಮಷೀನಿನ ತಪ್ಪೇನೂ ಇಲ್ಲ.

ಆದ್ದರಿಂದ ರೆಕಾರ್ಡಿಂಗ್ ಕೇಳಿಯೇ ಲೆಕ್ಕ ಮಾಡಬೇಕು. ಎಲ್ಲ ಕಾಲ್‌ಗಳನ್ನೂ ಕೇಳಬೇಕಾಗಿಲ್ಲ, 200 ಸಾಕು. 200ರಲ್ಲಿ ಒಂದು ತೊಂದರೆ 30 ಪ್ರತಿಶತ ಬಂದರೆ, ನಿಜವಾದ ಪ್ರಮಾಣ ಹೆಚ್ಚುಕಡಿಮೆ 24ರಿಂದ 36ರೊಳಗೆ ಇರುತ್ತದೆ. ದೊಡ್ಡ ತೊಂದರೆಗಳು ಯಾವುವು ಎಂದು ತಿಳಿಯಲು ಇಷ್ಟು ಧಾರಾಳವಾಯಿತು. ಎಂಟನೆಯದು ಯಾವುದು, ಒಂಬತ್ತನೆಯದು ಯಾವುದು ಎಂದು ಇದರಿಂದ ಹೇಳಲಾಗದು, ಡೆಕ್‌ಗೆ ಅದು ಬೇಕಾಗಿಯೂ ಇಲ್ಲ. ಒಂದು ಕಾಲ್ ನಾಲ್ಕು ನಿಮಿಷ ಅಂದರೂ ಕೇಳುವುದಕ್ಕೆ 13 ಗಂಟೆ ಚಿಲ್ಲರೆ. ಇಬ್ಬರು ಹಂಚಿಕೊಂಡರೆ ಎರಡು ದಿನದ ಕೆಲಸ.

ಆದರೆ ಆ 200ನ್ನೂ ಕಳೆದ ತಿಂಗಳಿನಿಂದಲೇ ತೆಗೆಯಬೇಡಿ. ಪುಣೆಯಲ್ಲಿ ಆರ್‌ಓ ದೂರುಗಳು ಋತುವಿನ ಜೊತೆ ಬದಲಾಗುತ್ತವೆ. ಏಪ್ರಿಲ್‌-ಮೇ ತಿಂಗಳಲ್ಲಿ ವಾಘೋಲಿ, ಉಂಡ್ರಿಯಂಥ ಕಡೆ ಸೊಸೈಟಿಗಳು ಟ್ಯಾಂಕರ್ ತರಿಸುತ್ತವೆ. ಅದು ಬೋರ್‌ವೆಲ್ ನೀರಾದರೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಪ್ರಮಾಣ, ಒಮ್ಮೆಲೇ ಏರುತ್ತದೆ, ರುಚಿಯ ದೂರು ಶುರುವಾಗುತ್ತದೆ. ಮಳೆಗಾಲದಲ್ಲಿ ಖಡಕವಾಸಲಾ ಕಡೆಯಿಂದ ಬರುವ ನೀರು ಕದಡಿದಾಗ ಸೆಡಿಮೆಂಟ್ ಫಿಲ್ಟರ್‌ಗಳು ಬೇಗ ಕಟ್ಟಿಕೊಳ್ಳುತ್ತವೆ. ಡಿಸೆಂಬರ್‌ನ ಚಳಿಯಲ್ಲಿ ಏನೂ ಕೆಡದಿದ್ದರೂ ನೀರು ನಿಧಾನವಾಗುತ್ತದೆ. ಇದನ್ನು ಮುಂದೆ ಹೇಳುತ್ತೇನೆ. ಕಳೆದ ವರ್ಷದ ಏಪ್ರಿಲ್‌ನಿಂದ 70, ಜುಲೈನಿಂದ 70, ಡಿಸೆಂಬರ್‌ನಿಂದ 60 ತೆಗೆಯಿರಿ. ಕನ್ನಡ, ಮರಾಠಿ, ಹಿಂದಿ ಕಾಲ್‌ಗಳು ನಿಮ್ಮಲ್ಲಿ ಬರುವ ಪ್ರಮಾಣದಲ್ಲೇ ಇವುಗಳಲ್ಲೂ ಇರಲಿ.

ಕೈಗೆ ಸಿಕ್ಕಿದ್ದನ್ನು ಆರಿಸಿದರೆ ಜಗಳದ ಕಾಲ್‌ಗಳೇ ಹೆಚ್ಚು ಬರುತ್ತವೆ, ಏಕೆಂದರೆ ನೆನಪಿನಲ್ಲಿ ಉಳಿದಿರುವುದು ಅವೇ. ಎಕ್ಸೆಲ್‌ನಲ್ಲಿ ಆ ತಿಂಗಳ ಎಲ್ಲ ಟಿಕೆಟ್ ನಂಬರ್‌ಗಳ ಪಕ್ಕದ ಕಾಲಮ್ಮಿನಲ್ಲಿ ಇದನ್ನು ಹಾಕಿ:

```
=RAND()
```

ಆ ಕಾಲಮ್ಮನ್ನು ಕಾಪಿ ಮಾಡಿ, ಅದೇ ಜಾಗದಲ್ಲಿ ಬರೀ ಮೌಲ್ಯಗಳನ್ನು ಪೇಸ್ಟ್ ಮಾಡಿ, ಆಮೇಲೆ ಅದರ ಪ್ರಕಾರ ಸಾರ್ಟ್ ಮಾಡಿ ಮೇಲಿನ 70 ತೆಗೆದುಕೊಳ್ಳಿ. ಮೌಲ್ಯವಾಗಿ ಪೇಸ್ಟ್ ಮಾಡದಿದ್ದರೆ ಹಾಳೆಯಲ್ಲಿ ಏನೇ ತಿದ್ದಿದರೂ ಅಂಕಿಗಳು ಮತ್ತೆ ಬದಲಾಗುತ್ತವೆ, ನಿನ್ನೆ ಆರಿಸಿದ 70 ಯಾವುವು ಎಂಬುದೇ ಕಳೆದುಹೋಗುತ್ತದೆ.

ಪ್ರತಿ ಕಾಲ್‌ಗೂ ಮೂರು ಕಾಲಮ್ ತುಂಬಿ. ಮೊದಲನೆಯದರಲ್ಲಿ ಗ್ರಾಹಕರ ಮೊದಲ ವಾಕ್ಯ ಅವರದೇ ಮಾತಿನಲ್ಲಿ, ತಿದ್ದದೆ. ಎರಡನೆಯದರಲ್ಲಿ ನೀವು ಕೊಡುವ ಲಕ್ಷಣದ ಹೆಸರು, ಉದಾಹರಣೆಗೆ "ನೀರು ಸಣ್ಣ". ಮೂರನೆಯದು ಬಹುತೇಕ ಡೆಕ್‌ಗಳಲ್ಲಿ ಬಿಟ್ಟುಹೋಗುವಂಥದ್ದು: ಟೆಕ್ನಿಷಿಯನ್ ಮನೆಗೆ ಹೋದಾಗ ಕೊನೆಗೆ ಏನು ಸಿಕ್ಕಿತು. ಅದಕ್ಕೆ ಸರ್ವಿಸ್ ವಿಭಾಗದಿಂದ ಜಾಬ್ ಶೀಟ್‌ಗಳನ್ನು ತರಿಸಿ ಟಿಕೆಟ್ ನಂಬರ್ ಮೂಲಕ ಜೋಡಿಸಬೇಕು. ಗ್ರಾಹಕರ ಮಾತು ಒಂದು ಕಡೆ, ಸಿಕ್ಕ ಕಾರಣ ಇನ್ನೊಂದು ಕಡೆ. ಇವೆರಡರ ನಡುವೆ ದಾರಿ ತೋರಿಸುವುದೇ ನಿಮ್ಮ ಡೆಕ್ಕಿನ ಕೆಲಸ. ಹೆಸರು ಕೊಡುವ ಕೆಲಸ ಇಬ್ಬರು ಮಾಡುವುದಾದರೆ, ಮೊದಲು ಅವೇ 30 ಕಾಲ್‌ಗಳನ್ನು ಇಬ್ಬರೂ ಬೇರೆ ಬೇರೆ ಕೂತು ಕೇಳಲಿ. ಆರಕ್ಕಿಂತ ಹೆಚ್ಚು ಕಡೆ ಹೆಸರು ಬೇರೆಯಾದರೆ ತಪ್ಪು ಜನರದ್ದಲ್ಲ, ಹೆಸರುಗಳದು. "ಮಷೀನ್ ಸಮಸ್ಯೆ" ಅನ್ನುವಂಥ ಸಡಿಲ ಹೆಸರು ಎಲ್ಲೋ ಉಳಿದುಕೊಂಡಿರುತ್ತದೆ. ಅದನ್ನು ಒಡೆದು ಮತ್ತೆ ಮಾಡಿ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಅಂಕಿಗಳು ಬೇರೆ ಬರುತ್ತವೆ, ಯೋಚಿಸುವ ರೀತಿ ಇದೇ. 200ರಲ್ಲಿ ನೀರು ಸಣ್ಣ ಅಥವಾ ಬರುವುದೇ ಇಲ್ಲ 60, ರುಚಿ 34, ಸೋರಿಕೆ 30, ವಾರ್ಷಿಕ ನಿರ್ವಹಣೆ ಒಪ್ಪಂದವಾದ ಎಎಂಸಿ ಮತ್ತು ಬಿಲ್ಲು 22, ವೇಸ್ಟ್ ನೀರು ಹೆಚ್ಚು 18, ಫಿಲ್ಟರ್ ಲೈಟ್ ಆರುತ್ತಿಲ್ಲ 16, ಚಿಲ್ಲರೆ 20 ಬಂದವು ಅನ್ನಿ. ಇದನ್ನೇ ಡೆಕ್ಕಿನ ಕ್ರಮ ಮಾಡಿಕೊಳ್ಳುವುದು ಸುಲಭ, ಆದರೆ ಅದು ತಪ್ಪು. ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಫೋನಿನಲ್ಲಿ ಇರುವವನು ಚೆನ್ನಾಗಿ ಕಲಿತರೆ ಇದರ ಫಲಿತಾಂಶ ಎಷ್ಟು ಬದಲಾಗುತ್ತದೆ? ಸೋರಿಕೆ 30 ಇದ್ದರೂ ಬಹುಪಾಲು ಮನೆಗಳಿಗೆ ಟೆಕ್ನಿಷಿಯನ್ ಹೋಗಲೇಬೇಕು. ಫೋನಿನಲ್ಲಿ ಆಗುವುದು ಎರಡೇ ಕೆಲಸ: ಪ್ಲಗ್ ತೆಗೆಸುವುದು, ನೀರು ಬರುವ ವಾಲ್ವ್ ಮುಚ್ಚಿಸುವುದು. ನೆಲ ಒದ್ದೆಯಿದ್ದರೆ ಪ್ಲಗ್ ಮುಟ್ಟದೆ ಮೇನ್ ಸ್ವಿಚ್ ಆರಿಸಲಿ. ಅದಕ್ಕೆ ಒಂದು ಸ್ಲೈಡ್ ಸಾಕು. ಫಿಲ್ಟರ್ ಲೈಟಿನ ಕಥೆ ಬೇರೆ. ಬಹಳ ಮಾದರಿಗಳಲ್ಲಿ ಆ ಲೈಟು ಫಿಲ್ಟರಿನ ಸ್ಥಿತಿಯನ್ನು ಅಳೆಯುವುದಿಲ್ಲ, ದಿನಗಳನ್ನೋ ಲೀಟರನ್ನೋ ಎಣಿಸುತ್ತದೆ. ಕಾರ್ಟ್ರಿಜ್ ಬದಲಿಸಿದವರು ರಿಸೆಟ್ ಮರೆತಿದ್ದರೆ ಅದು ಹತ್ತಿಕೊಂಡೇ ಇರುತ್ತದೆ. ಒಂದು ಬಟನ್ ಒತ್ತಿಸಿದರೆ ಮುಗಿಯುವ ಕೆಲಸಕ್ಕೆ ಈಗ ಒಂದೊಂದು ವಿಸಿಟ್ ಹೋಗುತ್ತಿದೆ. ಎಣಿಕೆಯಲ್ಲಿ ಕೆಳಗಿರುವ 16, ಡೆಕ್‌ನಲ್ಲಿ ಸೋರಿಕೆಗಿಂತ ಮೇಲೆ ಬರಬೇಕು. ಎಎಂಸಿ, ಬಿಲ್ಲು ಪ್ರಾಡಕ್ಟ್ ಟ್ರೇನಿಂಗ್‌ನ ವಿಷಯವೇ ಅಲ್ಲ, ಅದನ್ನು ಈ ಡೆಕ್‌ಗೆ ತುರುಕಬೇಡಿ. ಉಳಿದ ಐದು ತೊಂದರೆಗಳೇ ನಿಮ್ಮ ಡೆಕ್.

ಈಗ 60 ಬಂದ ಆ ದೊಡ್ಡ ತೊಂದರೆಯನ್ನೇ ಪೂರ್ತಿ ಮಾಡಿ ನೋಡೋಣ. ಲಕ್ಷಣದ ಕಾಲಮ್ B, ಸಿಕ್ಕ ಕಾರಣದ ಕಾಲಮ್ C ಆಗಿದ್ದರೆ, ಅವುಗಳ ಜೋಡಿಯನ್ನು ಎಣಿಸುವ ಸೂತ್ರ:

```
=COUNTIFS(B:B,"ನೀರು ಸಣ್ಣ",C:C,"ಸೆಡಿಮೆಂಟ್ ಕಟ್ಟಿದೆ")
```

ಉದಾಹರಣೆಯಲ್ಲಿ ಹೀಗೆ ಬಂತು ಅನ್ನಿ: ಸೆಡಿಮೆಂಟ್ ಫಿಲ್ಟರ್ ಕಟ್ಟಿದ್ದು 21, ವಾಲ್ವ್ ಅರ್ಧ ಮುಚ್ಚಿದ್ದು ಅಥವಾ ಒಳಬರುವ ನೀರಿಗೆ ಒತ್ತಡವಿಲ್ಲದ್ದು 12, ಮೆಂಬ್ರೇನ್ 10, ಏನೂ ಕೆಟ್ಟಿರಲಿಲ್ಲ 8, ಪಂಪ್ ಅಥವಾ ಅಡಾಪ್ಟರ್ 6, ನೀರು ತುಂಬಿದಾಗ ನಿಲ್ಲಿಸುವ ಫ್ಲೋಟ್ ಅಥವಾ ಸೊಲೆನಾಯ್ಡ್ ವಾಲ್ವ್ 3. ಹನ್ನೆರಡೂ ಎಂಟೂ ಸೇರಿ 20 ವಿಸಿಟ್‌ಗಳನ್ನು ಫೋನಿನಲ್ಲೇ ಉಳಿಸಬಹುದಿತ್ತು. ಉಳಿದ 40ರಲ್ಲೂ ಸರಿಯಾದ ಭಾಗ ಹಿಡಿದು ಹೋಗಿದ್ದರೆ ಎರಡನೆಯ ವಿಸಿಟ್ ತಪ್ಪುತ್ತಿತ್ತು.

ಇಲ್ಲಿ ಪ್ರಶ್ನೆಗಳ ಕ್ರಮ ಬಹಳ ಮುಖ್ಯ. ಹೆಚ್ಚು ಸಿಕ್ಕ ಕಾರಣವನ್ನೇ ಮೊದಲು ಕೇಳೋಣ ಅನ್ನಿಸುತ್ತದೆ, ಆದರೆ ಗ್ರಾಹಕರು ನಿಂತಲ್ಲೇ ಉತ್ತರ ಕೊಡಬಹುದಾದ ಪ್ರಶ್ನೆ ಮೊದಲು ಬರಬೇಕು.

ಮೊದಲ ಪ್ರಶ್ನೆ: ಮಷೀನ್ ಮೇಲೆ ಯಾವ ಲೈಟ್ ಹತ್ತಿದೆ? ಒಂದೂ ಇಲ್ಲದಿದ್ದರೆ ಅದೇ ಪ್ಲಗ್‌ಗೆ ಮಿಕ್ಸರನ್ನೋ ಮೊಬೈಲ್ ಚಾರ್ಜರನ್ನೋ ಹಾಕಿ ನೋಡಲಿ. ಅದು ನಡೆದರೆ ಸಂಶಯ ಅಡಾಪ್ಟರ್ ಮೇಲೆ.

ಎರಡನೆಯದು: ಅದೇ ಸಿಂಕಿನ ಇನ್ನೊಂದು ನಲ್ಲಿ ತೆರೆದರೆ ನೀರು ಜೋರಾಗಿ ಬರುತ್ತದೆಯೇ? ಬರದಿದ್ದರೆ ತೊಂದರೆ ಸೊಸೈಟಿಯ ಟಾಕಿಯದು. ಬಂದರೆ ಮಷೀನಿಗೆ ಹೋಗುವ ಪೈಪಿನ ಚಿಕ್ಕ ವಾಲ್ವ್ ನೋಡಿಸಿ. ಹಿಡಿಕೆ ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಪಾತ್ರೆ ತೊಳೆಯುವಾಗ, ಸಿಂಕಿನ ಕೆಳಗೆ ಡಬ್ಬಿ ಇಡುವಾಗ ಕೈ ತಾಗಿ ಅದು ಅರ್ಧ ತಿರುಗಿರುತ್ತದೆ. ಮೇಲಿನ ಮಹಡಿಯ ಫ್ಲ್ಯಾಟೇ ಎಂದು ಕೇಳುವುದೂ ಇಲ್ಲೇ, ಏಕೆಂದರೆ ಟಾಕಿಗೆ ಹತ್ತಿರವಿದ್ದಷ್ಟೂ ಒತ್ತಡ ಕಡಿಮೆ.

ಮೂರನೆಯದು: ಮಷೀನಿನ ಟ್ಯಾಂಕಿನಲ್ಲಿ ನೀರು ಎಲ್ಲಿಯವರೆಗಿದೆ? ಟ್ಯಾಂಕ್ ತುಂಬಿದ್ದೂ ನಲ್ಲಿಯಲ್ಲಿ ಸಣ್ಣ ಬಂದರೆ ಕಟ್ಟಿರುವುದು ನಲ್ಲಿ. ಟ್ಯಾಂಕ್ ಖಾಲಿಯಿದ್ದರೆ, ಇವತ್ತು ಎಷ್ಟು ನೀರು ಹಿಡಿದಿರಿ ಎಂದು ಕೇಳಲಿ. 75 ಜಿಪಿಡಿ, ಅಂದರೆ ದಿನಕ್ಕೆ 75 ಗ್ಯಾಲನ್, ಎಂದು ಬರೆದಿರುವ ಮೆಂಬ್ರೇನ್ ಲೆಕ್ಕದ ಪ್ರಕಾರ ದಿನಕ್ಕೆ 284 ಲೀಟರ್, ಅಂದರೆ ಗಂಟೆಗೆ ಸುಮಾರು 12 ಲೀಟರ್ ಕೊಡುತ್ತದೆ. ಬೀಗರು ಬಂದ ಮನೆಯಲ್ಲಿ ಎರಡು ಕೊಡ ತುಂಬಿಸಿಕೊಂಡ ಮೇಲೆ ಟ್ಯಾಂಕ್ ಖಾಲಿ ಕಂಡರೆ ಅದು ಕೆಟ್ಟಿಲ್ಲ. "ಏನೂ ಕೆಟ್ಟಿರಲಿಲ್ಲ" ಎಂಬ ಎಂಟರಲ್ಲಿ ಕೆಲವು ಹೀಗೆಯೇ ಬಂದಿರುತ್ತವೆ. ಇನ್ನು ಕೆಲವು ಚಳಿಯವು. ಗಂಟೆಗೆ 12 ಲೀಟರ್ ಎಂಬುದು 25 ಡಿಗ್ರಿ ನೀರಿನ ಲೆಕ್ಕ. ನೀರು ತಣ್ಣಗಾದಷ್ಟೂ ಮೆಂಬ್ರೇನ್ ಮೂಲಕ ಕಡಿಮೆ ಹಾಯುತ್ತದೆ, ಒಂದು ಡಿಗ್ರಿಗೆ ಸುಮಾರು 3 ಪ್ರತಿಶತ. 15 ಡಿಗ್ರಿಗೆ ಇಳಿದರೆ ಕಾಲು ಭಾಗ ಹೋಯಿತು, ಗಂಟೆಗೆ 9 ಲೀಟರ್ ಉಳಿಯಿತು. ಡಿಸೆಂಬರ್ ಬೆಳಿಗ್ಗೆ ಬರುವ ದೂರಿಗೆ ಈ ವಿವರಣೆ ಸಾಕು, ವಿಸಿಟ್ ಬೇಡ.

ನಾಲ್ಕನೆಯದರಲ್ಲಿ ಎರಡು ಸಂಗತಿ ಒಟ್ಟಿಗೆ ಕೇಳಬೇಕು: ಟ್ಯಾಂಕ್ ಖಾಲಿ ಇರುವಾಗ ಪಂಪಿನ ಸದ್ದು ಬರುತ್ತಿದೆಯೇ, ವೇಸ್ಟ್ ಪೈಪಿನಲ್ಲಿ ನೀರು ಹೋಗುತ್ತಿದೆಯೇ? ವೇಸ್ಟ್ ಪೈಪನ್ನು ಅಳತೆಯ ಜಗ್‌ನೊಳಗೆ ಒಂದು ನಿಮಿಷ ಹಿಡಿಸಿದರೆ ಇನ್ನೂ ಒಳ್ಳೆಯದು, ಒಂದು ಲೀಟರಿನ ಬಾಟಲಿಯಾದರೂ ಆಯಿತು. ಎಷ್ಟು ಬರಬೇಕು ಎಂಬುದು ವೇಸ್ಟ್ ನೀರಿನ ಹರಿವಿಗೆ ಮಿತಿ ಹಾಕುವ ಫ್ಲೋ ರಿಸ್ಟ್ರಿಕ್ಟರಿನ ಅಳತೆಯ ಮೇಲೆ ನಿಂತಿದೆ. ನಿಮ್ಮ ಮಾದರಿಯಲ್ಲಿ 450 ಎಂದಿದ್ದರೆ ನಿಮಿಷಕ್ಕೆ ಸುಮಾರು 450 ಮಿಲಿ, ಅಂದರೆ ಬಾಟಲಿಯ ಅರ್ಧಕ್ಕಿಂತ ಸ್ವಲ್ಪ ಕೆಳಗೆ. ಪಂಪ್ ನಡೆಯುತ್ತಿದ್ದು, ವೇಸ್ಟ್ ಸರಿಯಾಗಿ ಬರುತ್ತಿದ್ದು, ಟ್ಯಾಂಕ್ ಮಾತ್ರ ತುಂಬದಿದ್ದರೆ ಸಂಶಯ ಮೆಂಬ್ರೇನ್ ಮೇಲೆ: ನೀರು ಅಲ್ಲಿಯವರೆಗೆ ಬಂದಿದೆ, ಆಚೆ ಹೋಗುತ್ತಿಲ್ಲ. ವೇಸ್ಟೂ ಸಣ್ಣ, ಶುದ್ಧ ನೀರೂ ಸಣ್ಣ ಎಂದರೆ ನೀರು ಮೆಂಬ್ರೇನಿನವರೆಗೇ ಬರುತ್ತಿಲ್ಲ. ಆಗ ಸೆಡಿಮೆಂಟ್ ಫಿಲ್ಟರ್ ನೋಡಬೇಕು. ಹೊರಗಿನ ಬೌಲ್ ಪಾರದರ್ಶಕವಾಗಿದ್ದರೆ ಒಳಗಿನ ಬಣ್ಣ ಏನು ಎಂದು ಕೇಳಿದರೆ ಸಾಕು. ಪಂಪ್ ಕೆಲವು ಸೆಕೆಂಡಿಗೊಮ್ಮೆ ಶುರುವಾಗಿ ನಿಲ್ಲುತ್ತಿದ್ದರೂ ಅದೇ ದಿಕ್ಕು: ನೀರು ಸಾಲದೆ ಲೋ ಪ್ರೆಷರ್ ಸ್ವಿಚ್ ಪದೇ ಪದೇ ಕಟ್ ಮಾಡುತ್ತಿದೆ. ಲೈಟ್ ಇದೆ, ನೀರೂ ಇದೆ, ಪಂಪ್ ಸದ್ದೇ ಇಲ್ಲ ಅಂದರೆ ಪಂಪ್, ಇಲ್ಲವೇ ಫ್ಲೋಟ್. ಸ್ವಿಚ್ ಆರಿಸಿದ ಮೇಲೂ ವೇಸ್ಟ್ ಹರಿಯುತ್ತಲೇ ಇದ್ದರೆ ಸೊಲೆನಾಯ್ಡ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ.

ಇಷ್ಟೇ. ಕವರ್ ಬಿಚ್ಚಿ ಎಂದು ಗ್ರಾಹಕರಿಗೆ ಯಾವತ್ತೂ ಹೇಳಬಾರದು, ಇದನ್ನು ಸ್ಲೈಡ್ ಮೇಲೆಯೇ ಬರೆಯಿರಿ. ಪಂಪ್ ನಡೆಯುವುದು 24 ವೋಲ್ಟ್‌ನಲ್ಲಾದರೂ ಎಷ್ಟೋ ಮಾದರಿಗಳಲ್ಲಿ ಅದಕ್ಕೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಒಳಗೇ ಇರುತ್ತದೆ, ಅದರವರೆಗೆ ಬರುವುದು ಮನೆಯ 230 ವೋಲ್ಟ್. ಒದ್ದೆ ಕೈಯ ಅಡುಗೆಮನೆ ಅದು.

ಈ ಒಂದು ತೊಂದರೆಗೆ ನಾಲ್ಕು ಸ್ಲೈಡ್ ಸಾಕು. ಮೊದಲನೆಯದರಲ್ಲಿ ಗ್ರಾಹಕರ ಮಾತುಗಳು, ಮೂರು ಭಾಷೆಯಲ್ಲೂ ಬಂದ ಹಾಗೆಯೇ: "ನೀರ ಬರವಲ್ಲದು", "ಟಾಕಿ ತುಂಬವಲ್ಲದು", "ಪಾಣೀ ಯೇತ್ ನಾಹೀ", "ಫಿಲ್ಟರ್ ಬಂದ್ ಹೈ". ಪಕ್ಕದಲ್ಲಿ ಒಂದು ರೆಕಾರ್ಡಿಂಗ್, 30 ಸೆಕೆಂಡಿನದು. ಅದರಲ್ಲಿ ಗ್ರಾಹಕರ ಹೆಸರು, ನಂಬರ್, ವಿಳಾಸ ಕೇಳದಂತೆ ಕತ್ತರಿಸಿ. ಇದು ವೈಯಕ್ತಿಕ ಮಾಹಿತಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ನಿಮ್ಮ ಕಂಪನಿಗೂ ಇದೆ. ರೆಕಾರ್ಡಿಂಗನ್ನು ತರಬೇತಿಗೆ ಬಳಸಲು ನಿಮ್ಮ ಒಪ್ಪಿಗೆಯ ಮಾತಿನಲ್ಲಿ ಅವಕಾಶವಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಅದೇ ಮಾತನ್ನು ನಿಮ್ಮವರಿಂದಲೇ ಆಡಿಸಿ ರೆಕಾರ್ಡ್ ಮಾಡಿ.

ಎರಡನೆಯ ಸ್ಲೈಡಿನಲ್ಲಿ ಆ ನಾಲ್ಕು ಪ್ರಶ್ನೆಗಳು, ಗ್ರಾಹಕರನ್ನು ಕೇಳುವ ಮಾತಿನಲ್ಲೇ. "ಇನ್‌ಲೆಟ್ ಪ್ರೆಷರ್ ಚೆಕ್ ಮಾಡಿ" ಎಂದು ಬರೆದರೆ ಕಾಲ್‌ನಲ್ಲಿ ಅದೇ ಮಾತು ಹೊರಬರುತ್ತದೆ, ಅತ್ತ ಕಡೆಯ ಅಜ್ಜಿಗೆ ಏನೂ ತಿಳಿಯುವುದಿಲ್ಲ. ಕನ್ನಡ ಕಾಲ್ ತಗೊಳ್ಳುವವರಿಗೆ "ಅದೇ ಸಿಂಕಿನ ಇನ್ನೊಂದ ನಳಾ ಬಿಟ್ಟ ನೋಡ್ರಿ, ನೀರ ಜೋರ ಬರ್ತಾವೇನ್ರಿ?" ಎಂದೇ ಬರೆದು ಕೊಡಿ. ವಿಜಯಪುರದ ಗ್ರಾಹಕರಿಗೆ ಬೆಂಗಳೂರಿನ ಪುಸ್ತಕದ ಕನ್ನಡಕ್ಕಿಂತ ಅದು ಹತ್ತಿರ. ಮರಾಠಿ ವಾಕ್ಯಗಳನ್ನು ನಿಮ್ಮ ಮರಾಠಿ ಹುಡುಗರೇ ಬರೆಯಲಿ, ಕನ್ನಡದಿಂದ ತರ್ಜುಮೆ ಮಾಡಿಸಬೇಡಿ.

ಮೂರನೆಯದು ಚಿತ್ರ. ಪ್ರಾಡಕ್ಟ್ ಟೀಮಿನ ಬಿಚ್ಚಿಟ್ಟ ಭಾಗಗಳ ನಕ್ಷೆ ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ ಗ್ರಾಹಕರ ಕಣ್ಣಿಗೆ ಅದು ಕಾಣುವುದೇ ಇಲ್ಲ. ಗೋಡೆಗೆ ಹಾಕಿದ ಮಷೀನಿನ ಮುಂದೆ ನಿಂತು ಕಣ್ಣಿನ ಎತ್ತರದಿಂದ ಒಂದು ಫೋಟೋ, ಸಿಂಕಿನ ಕೆಳಗೆ ಬಗ್ಗಿ ವಾಲ್ವಿನದೊಂದು ಫೋಟೋ. ನೀವು ಮಾರುವ ಪ್ರತಿ ಮಾದರಿಗೂ ಬೇರೆ ಬೇರೆ, ಏಕೆಂದರೆ ಲೈಟ್ ಇರುವ ಜಾಗ ಒಂದೊಂದರಲ್ಲಿ ಒಂದೊಂದು. ಆಗ "ಬಲಗಡೆ ಕೆಳಗಿನ ನೀಲಿ ಲೈಟ್" ಎಂದು ಹೇಳಲು ನಿಮ್ಮವರಿಗೆ ಆಗುತ್ತದೆ.

ನಾಲ್ಕನೆಯದು ಟಿಕೆಟ್‌ನಲ್ಲಿ ಬರೆಯುವ ಸಾಲು. ಡೆಕ್ ಎಷ್ಟೇ ಚೆನ್ನಾಗಿದ್ದರೂ ಕೇಳಿದ್ದು ಟೆಕ್ನಿಷಿಯನ್‌ಗೆ ತಲುಪದಿದ್ದರೆ ಅವನು ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಹೀಗೆ ಒಂದೇ ಅಚ್ಚಿನಲ್ಲಿ ಬರೆಸಿ:

```
PWR:Y IN:OK TANK:LOW PUMP:Y REJ:440
```

ಇದರಲ್ಲಿ REJ ಅಂದರೆ ಒಂದು ನಿಮಿಷಕ್ಕೆ ಬಂದ ವೇಸ್ಟ್ ನೀರು, ಮಿಲಿಯಲ್ಲಿ. ಇದನ್ನು ಓದಿದ ಟೆಕ್ನಿಷಿಯನ್ ಮೆಂಬ್ರೇನ್ ಹಿಡಿದುಕೊಂಡೇ ಹೊರಡುತ್ತಾನೆ. `REJ:120` ಎಂದಿದ್ದರೆ ಸೆಡಿಮೆಂಟ್ ಕಾರ್ಟ್ರಿಜ್. ಅವನೂ ಅದೇ ಅಚ್ಚಿನಲ್ಲಿ ಏನು ಸಿಕ್ಕಿತೆಂದು ಬರೆದು ಮುಚ್ಚಿದರೆ ಮುಂದಿನ ಸಲದ ಎಣಿಕೆಗೆ ನೀವು ಜಾಬ್ ಶೀಟ್ ಹುಡುಕಬೇಕಾಗಿಲ್ಲ.

ರುಚಿಯ ಸ್ಲೈಡ್‌ಗಳಿಗೆ ಆಕಾರ ಸ್ವಲ್ಪ ಬೇರೆ. ಅಲ್ಲಿ ಮೊದಲ ಪ್ರಶ್ನೆ ಸಮಯದ್ದು: ಯಾವತ್ತಿನಿಂದ? ಹೊಸ ಕಾರ್ಟ್ರಿಜ್ ಹಾಕಿದ ದಿನದಿಂದ ಎಂದರೆ, ನೀರು ಕಪ್ಪಾಗಿ ಕಂಡರೆ, ಅದು ಕಾರ್ಬನ್ನಿನ ಪುಡಿ. ಮೊದಲ ಒಂದೆರಡು ಟ್ಯಾಂಕ್ ನೀರು ಚೆಲ್ಲಿಸಿದರೆ ಹೋಗುತ್ತದೆ. ಟ್ಯಾಂಕರ್ ನೀರು ಶುರುವಾದಾಗಿನಿಂದ ಎಂದರೆ ಟಿಡಿಎಸ್ ಏರಿದೆ, ಟೆಕ್ನಿಷಿಯನ್ ಅಡ್ಜಸ್ಟರ್ ನೋಡಬೇಕು. ಊರಿಗೆ ಹೋಗಿ ಬಂದ ಮೇಲೆ ಎಂದರೆ ನಿಂತ ನೀರು ಚೆಲ್ಲಲಿ. ಟಿಡಿಎಸ್ ಪೆನ್ ಕೊಂಡಿರುವ ಗ್ರಾಹಕರಿಗಾಗಿ ನಿಮ್ಮವರಿಗೆ ಒಂದು ವಿಷಯ ಗೊತ್ತಿರಬೇಕು: ಮಷೀನ್ ನಿಂತಿದ್ದಾಗ ಲವಣ ಮೆಂಬ್ರೇನಿನ ಆಚೆ ಬದಿಗೂ ನಿಧಾನವಾಗಿ ಇಳಿಯುತ್ತದೆ. ಅದಕ್ಕೇ ಮಷೀನ್ ಶುರುವಾದೊಡನೆ ಬರುವ ಮೊದಲ ನೀರಿನಲ್ಲಿ ಅಂಕಿ ಹೆಚ್ಚು ಬರುತ್ತದೆ. ಹತ್ತು ನಿಮಿಷ ನಡೆದ ಮೇಲೆ ಅಳೆಯಲಿ. ಕುಡಿಯುವ ನೀರಿಗೆ ಐಎಸ್ 10500 ಮಾನಕ ಒಪ್ಪುವ ಮಿತಿ ಲೀಟರಿಗೆ 500 ಮಿಲಿಗ್ರಾಂ ಎಂಬ ಅಂಕಿಯೂ ಅಲ್ಲೇ ಇರಲಿ. ಆ ಪೆನ್ ಕ್ರಿಮಿಗಳನ್ನು ತೋರಿಸುವುದಿಲ್ಲ, ಕರಗಿದ ಲವಣದ ಅಂದಾಜನ್ನಷ್ಟೇ ತೋರಿಸುತ್ತದೆ ಎಂಬ ಮಾತೂ ಇರಲಿ. ವೇಸ್ಟ್ ನೀರಿನ ದೂರಿನಲ್ಲಿ ಬಹಳ ಸಲ ಮಷೀನ್ ಕೆಟ್ಟಿರುವುದೇ ಇಲ್ಲ, ವಿವರಿಸಿ ಹೇಳುವುದೇ ಕೆಲಸ. ಅದಕ್ಕೆ ಎರಡು ಸ್ಲೈಡ್ ಸಾಕು: ಏಕೆ ಬರುತ್ತದೆ, ಎಷ್ಟು ಬಂದರೆ ಸರಿ. ಲೈಟ್‌ಗೂ ಎರಡು. ಎಲ್ಲ ಸೇರಿ 13ರಿಂದ 15 ಸ್ಲೈಡ್.

ಇನ್ನು ತೋರಿಸುವ ವಿಧಾನ. ಒಂದು ದಿನಕ್ಕೆ ಒಂದೇ ತೊಂದರೆ, ಶಿಫ್ಟ್ ಶುರುವಾಗುವ ಮುಂಚೆ 30 ನಿಮಿಷ. ಸ್ಲೈಡ್‌ಗೆ 10 ನಿಮಿಷ, ಉಳಿದ 20 ನಿಮಿಷ ಕಾಲ್ ಅಭ್ಯಾಸ. ರೆಕಾರ್ಡಿಂಗನ್ನು ಗ್ರಾಹಕರ ಮೊದಲ ವಾಕ್ಯದ ಮೇಲೆ ನಿಲ್ಲಿಸಿ, ಮುಂದೆ ಏನು ಕೇಳುತ್ತೀರಿ ಎಂದು ಎಲ್ಲರೂ ಚೀಟಿಯಲ್ಲಿ ಬರೆಯಲಿ. ಆಮೇಲೆ ಮುಂದಿನ ತುಣುಕು. ಕೊನೆಗೆ ಟಿಕೆಟ್ ಸಾಲು. ನಾಲ್ಕರಲ್ಲಿ ಒಂದು ಆರಿಸಿ ಎನ್ನುವ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ: ಉತ್ತರ ಕಣ್ಣೆದುರು ಇರುವಾಗ ಗುರುತಿಸುವುದು ಸುಲಭ, ಕಾಲ್‌ನಲ್ಲಿ ಯಾರೂ ಆಯ್ಕೆಗಳನ್ನು ಕೊಡುವುದಿಲ್ಲ. ಹತ್ತು ತುಣುಕುಗಳಲ್ಲಿ ಎಂಟಕ್ಕೆ ಮೊದಲ ಪ್ರಶ್ನೆ ಮತ್ತು ಟಿಕೆಟ್ ಸಾಲು ಎರಡೂ ಸರಿ ಬಂದವರನ್ನು ಮುಂದಿನ ತೊಂದರೆಗೆ ಕಳಿಸಿ.

ಕೆಲಸ ಮಾಡಿತೇ ಎಂದು ತಿಳಿಯಲು ಎಲ್ಲ 14 ಜನರಿಗೂ ಒಟ್ಟಿಗೆ ಕಲಿಸಬೇಡಿ. ಏಪ್ರಿಲ್‌ನ ಅಂಕಿಯನ್ನು ಜುಲೈನ ಅಂಕಿಗೆ ಹೋಲಿಸಿದರೆ ಮಳೆ ಏನು ಮಾಡಿತು, ಡೆಕ್ ಏನು ಮಾಡಿತು ಬೇರ್ಪಡಿಸಲಾಗದು. ಕನ್ನಡದ 6 ಜನರಲ್ಲಿ 3, ಉಳಿದ 8ರಲ್ಲಿ 4, ಹೀಗೆ 7 ಜನರಿಗೆ ಮೊದಲು ಕಲಿಸಿ. ಚೀಟಿ ಎತ್ತಿ ಆರಿಸಿ, ಚುರುಕಾದವರನ್ನೇ ತೆಗೆದರೆ ಹೋಲಿಕೆ ಕೆಡುತ್ತದೆ. ಆಮೇಲಿನ ಮೂರು ವಾರ ಎರಡೂ ಗುಂಪಿನ ಎರಡು ಅಂಕಿ ನೋಡಿ: "ನೀರು ಸಣ್ಣ" ಕಾಲ್‌ಗಳಲ್ಲಿ ಏನೂ ಕೆಟ್ಟಿರದ ಮನೆಗೆ ಹೋದ ವಿಸಿಟ್ ಎಷ್ಟು, 7 ದಿನದೊಳಗೆ ಅದೇ ನಂಬರಿನಿಂದ ಮತ್ತೆ ಬಂದ ಕಾಲ್ ಎಷ್ಟು. ಕಾಲ್ ಅವಧಿ ಮೊದಲ ವಾರಗಳಲ್ಲಿ ಹೆಚ್ಚಾಗುತ್ತದೆ, ಒಂದು ನಿಮಿಷ ವೇಸ್ಟ್ ನೀರು ಹಿಡಿಸಿದರೆ ಹೆಚ್ಚಾಗದೆ ಇರುವುದು ಹೇಗೆ? ಇದನ್ನು ನಿಮ್ಮ ಮ್ಯಾನೇಜರ್‌ಗೆ ಮೊದಲೇ ಹೇಳಿ ಒಪ್ಪಿಸಿ. ಇಲ್ಲದಿದ್ದರೆ ಎರಡನೆಯ ವಾರದಲ್ಲೇ ಕಾಲ್ ಬೇಗ ಮುಗಿಸಿ ಎಂಬ ಒತ್ತಡ ಬಂದು ನಾಲ್ಕನೆಯ ಪ್ರಶ್ನೆ ಬಿದ್ದುಹೋಗುತ್ತದೆ.

ಕಲಿತ ಗುಂಪಿನಲ್ಲೂ ವಿಸಿಟ್ ಇಳಿಯದಿದ್ದರೆ ಅವರ 20 ಟಿಕೆಟ್ ಸಾಲುಗಳನ್ನು ತೆಗೆದು ನೋಡಿ. ಎಲ್ಲದರಲ್ಲೂ `REJ:450` ಎಂದೇ ಇದ್ದರೆ ಕೇಳದೆಯೇ ತುಂಬಿದ್ದಾರೆ ಎಂದು ಅರ್ಥ. ಆಗ ರೆಕಾರ್ಡಿಂಗ್ ಕೇಳಿ, ಆ ಪ್ರಶ್ನೆಯ ಮಾತು ಬಾಯಿಗೆ ಒಗ್ಗುತ್ತಿಲ್ಲವೇ, ಗ್ರಾಹಕರು ಒಪ್ಪುತ್ತಿಲ್ಲವೇ ನೋಡಿ. ಮಾತಿನದ್ದಾದರೆ ಎರಡನೆಯ ಸ್ಲೈಡ್ ತಿದ್ದಿ. ಒಪ್ಪದಿರುವುದಾದರೆ ಅಳತೆ ಬಿಟ್ಟು "ಜೋರಾಗಿ ಬರ್ತದೋ, ತೊಟ್ಟಿಕ್ಕತದೋ" ಎಂದಷ್ಟೇ ಕೇಳಿಸಿ, ಟಿಕೆಟ್‌ನಲ್ಲಿ `REJ:HI` ಅಥವಾ `REJ:LO` ಸಾಕು.

ಪ್ರತಿ ಸ್ಲೈಡಿನ ಮೂಲೆಯಲ್ಲಿ ಮಾದರಿಯ ಹೆಸರು ಮತ್ತು ತಿದ್ದಿದ ತಾರೀಖು ಇರಲಿ. ತಿಂಗಳಿಗೊಮ್ಮೆ 30 ಟಿಕೆಟ್‌ಗಳನ್ನು ಮೊದಲಿನ ಹಾಗೆಯೇ ತೆಗೆದು ಕೇಳಿ. ಡೆಕ್‌ನಲ್ಲಿ ಇಲ್ಲದ ಒಂದೇ ಮಾತು ಅವುಗಳಲ್ಲಿ ಮೂರು ಸಲ ಬಂದರೆ ಅದಕ್ಕೆ ಹೊಸ ಸ್ಲೈಡ್ ಬೇಕು. ಚಳಿಯ ವಿವರಣೆಯನ್ನು ನವೆಂಬರ್ ಕೊನೆಗೆ, ಕೆಸರು ನೀರಿನ ಭಾಗವನ್ನು ಜೂನ್ ಮೊದಲ ವಾರದಲ್ಲಿ ಮತ್ತೊಮ್ಮೆ ಹತ್ತು ನಿಮಿಷ ಓಡಿಸಿ. ಈಗ ನಿಮ್ಮ ಕೈಯಲ್ಲಿರುವ 80 ಸ್ಲೈಡ್‌ಗಳನ್ನು ಎಸೆಯಬೇಡಿ. ಅವನ್ನು ಸರ್ವಿಸ್ ವಿಭಾಗಕ್ಕೆ ಕೊಡಿ, ಕವರ್ ಬಿಚ್ಚುವವರಿಗೆ ಆ ಕ್ರಮವೇ ಬೇಕು.